ಮಳೆಗಾಲದಲ್ಲಿ ನಿಂತಲ್ಲೇ ಸತ್ತ ಬೈಕ್ ಬ್ಯಾಟರಿ: ಅರ್ಧ ಆಂಪಿಯರ್‌ನಲ್ಲಿ ಎಬ್ಬಿಸುವ ಕ್ರಮ

ಜೂನ್ ಮೊದಲ ವಾರ ಮಳೆ ಹಿಡಿಯಿತು. ಬೈಕನ್ನು ಮನೆಯ ಪಕ್ಕದ ಶೀಟಿನಡಿ ನಿಲ್ಲಿಸಿ ಟರ್ಪಾಲ್ ಹೊದಿಸಿದೆ. ಉಡುಪಿಯಿಂದ ಮಂಗಳೂರಿಗೆ ದಿನಾ ರೈನ್‌ಕೋಟ್ ಹಾಕಿಕೊಂಡು ಹೋಗುವ ವಯಸ್ಸು ನನ್ನದಲ್ಲ, ಬಸ್ಸು ಹಿಡಿದೆ. ನಡುವೆ ಒಂದು ಸಲವೂ ಬೈಕಿನ ಹತ್ತಿರ ಹೋಗಲಿಲ್ಲ. ಜುಲೈ ನಡುವಿಗೆ ತುಳುವರ ಆಟಿ ತಿಂಗಳು ಶುರುವಾಗಿ ಒಂದು ದಿನ ಬಿಸಿಲು ಬಂತು ಅಂತ ಟರ್ಪಾಲ್ ತೆಗೆದು ಕೀ ತಿರುಗಿಸಿದರೆ ಮೀಟರಿನ ಲೈಟು ಮಿಣುಕು ಹುಳದ ಹಾಗೆ ಒಮ್ಮೆ ಹೊಳೆದು ಆರಿಹೋಯಿತು. ಸೆಲ್ಫ್ ಒತ್ತಿದರೆ ಒಂದು 'ಟಿಕ್' ಶಬ್ದ, ಅಷ್ಟೇ. 45 ದಿನ ನಿಂತಿತ್ತು.

ನಮ್ಮ ಬಾವ ಬಂದು ನೋಡಿ, "ಹೊಸತು ತಗೊಳ್ಳಿ ಬಾವ, ಇದರ ಕಥೆ ಮುಗೀತು" ಅಂದರು. ಮುಗಿದಿರಲಿಲ್ಲ. ಎರಡು ದಿನ ಹಿಡಿಯಿತು, ಆದರೆ ಬ್ಯಾಟರಿ ಎದ್ದಿತು. ಅದೇ ವಾರ ಬಾವನ ಸ್ಕೂಟರಿನ ಬ್ಯಾಟರಿಗೂ ಅದನ್ನೇ ಮಾಡಿದೆ, ಅದು ಏಳಲಿಲ್ಲ. ಎದ್ದದ್ದು ಯಾಕೆ, ಏಳದ್ದು ಯಾಕೆ ಅಂತ ಎರಡನ್ನೂ ಹೇಳುತ್ತೇನೆ.

ಮೊದಲು ತಳ್ಳಿ ಸ್ಟಾರ್ಟ್ ಮಾಡುವ ಆಸೆ ಬಿಡಿ

ಹಳೆಯ ಕಾರ್ಬುರೇಟರ್ ಬೈಕಾದರೆ ಕಿಕ್ ಹೊಡೆದು ಎಬ್ಬಿಸಬಹುದು. ಈಗಿನ ಬಿಎಸ್ 6 ಬೈಕುಗಳಲ್ಲಿ ಹೆಚ್ಚಿನವಕ್ಕೆ ಫ್ಯೂಯಲ್ ಇಂಜೆಕ್ಷನ್ ಇದೆ. ಪೆಟ್ರೋಲ್ ಪಂಪಿಗೂ, ಇಂಜಿನ್ ನಡೆಸುವ ಸಣ್ಣ ಕಂಪ್ಯೂಟರ್ ಆದ ಇಸಿಯುಗೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಇಳಿದಿದ್ದರೆ ಇಡೀ ರಸ್ತೆ ತಳ್ಳಿದರೂ ಸ್ಟಾರ್ಟ್ ಆಗುವುದು ಕಷ್ಟ. ಬೆವರು ಮಾತ್ರ ಇಳಿಯುತ್ತದೆ.

ಹೇಗೋ ಸ್ಟಾರ್ಟ್ ಆಯಿತು ಅಂತಲೇ ಇಟ್ಟುಕೊಳ್ಳಿ. "ಮಂಗಳೂರಿಗೆ ಹೋಗಿ ಬಂದರೆ ತಾನೇ ಚಾರ್ಜ್ ಆಗುತ್ತದೆ" ಅನ್ನುವ ಮಾತು ಅರ್ಧ ಮಾತ್ರ ನಿಜ. ಓಡುವಾಗ ಸ್ವಲ್ಪ ತುಂಬುತ್ತದೆ, ಮರುದಿನ ಸೆಲ್ಫ್ ಎತ್ತುವಷ್ಟು ಆಗಲೂಬಹುದು. ಆದರೆ ವಾರಗಟ್ಟಲೆ ಖಾಲಿ ಬಿದ್ದ ಬ್ಯಾಟರಿ ಒಂದು ಗಂಟೆಯಲ್ಲಿ ಪೂರ್ತಿ ತುಂಬುವುದಿಲ್ಲ, ಕೊನೆಯ ಕಾಲುಭಾಗಕ್ಕೇ ಹಲವು ಗಂಟೆ ಬೇಕು. ಅರೆಬರೆ ತುಂಬಿದ ಬ್ಯಾಟರಿ ಮತ್ತೆ ನಾಲ್ಕು ದಿನ ನಿಂತರೆ ಮೊದಲಿಗಿಂತ ಬೇಗ ಇಳಿಯುತ್ತದೆ.

ಒಳಗೆ ಆಗಿದ್ದೇನು

ಇದು ಗೊತ್ತಿದ್ದರೆ ಮುಂದಿನ ಕೆಲಸಕ್ಕೆ ತಾಳ್ಮೆ ಬರುತ್ತದೆ, ಹಾಗಾಗಿ ಸ್ವಲ್ಪ ಓದಿ.

ಬೈಕಿನ 12 ವೋಲ್ಟ್ ಬ್ಯಾಟರಿಯ ಒಳಗೆ ಆರು ಸೆಲ್ ಇರುತ್ತವೆ. ಒಂದೊಂದೂ ಸುಮಾರು 2.1 ವೋಲ್ಟ್. ಬ್ಯಾಟರಿ ಖಾಲಿಯಾಗುತ್ತಾ ಹೋದ ಹಾಗೆ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಅನ್ನುವ ಪದರ ಕಟ್ಟುತ್ತದೆ. ಇದು ದಿನನಿತ್ಯ ಆಗುವುದೇ. ಆಗಷ್ಟೇ ಕಟ್ಟಿದ್ದು ಮೆತ್ತಗೆ ಇರುತ್ತದೆ, ಚಾರ್ಜ್ ಮಾಡಿದಾಗ ಕರಗಿ ಹೋಗುತ್ತದೆ. ಖಾಲಿ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟರೆ ಅದೇ ಪದರ ಗಟ್ಟಿ ಹರಳಾಗುತ್ತದೆ. ಡಬ್ಬಿಯ ತಳದಲ್ಲಿ ಬೆಲ್ಲ ಗಟ್ಟಿಯಾದ ಹಾಗೆ. ಈ ಹರಳಿನ ಮೂಲಕ ಕರೆಂಟು ಸಲೀಸಾಗಿ ಹರಿಯುವುದಿಲ್ಲ.

ಗಟ್ಟಿ ಬೆಲ್ಲಕ್ಕೆ ಒಮ್ಮೆಲೇ ಚೂರಿ ಹಾಕಿದರೆ ಡಬ್ಬಿ ಒಡೆಯುತ್ತದೆ, ಅಲ್ವಾ? ಇಲ್ಲೂ ಹಾಗೇ. ಜೋರಾಗಿ ಕರೆಂಟು ನುಗ್ಗಿಸಿದರೆ ಹರಳು ಕರಗುವುದಿಲ್ಲ. ಆ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ, ಒಳಗಿನ ನೀರು ಗ್ಯಾಸ್ ಆಗಿ ಹೋಗುತ್ತದೆ. ಸೀಲ್ ಆದ ಬ್ಯಾಟರಿಗೆ ಹೋದ ನೀರನ್ನು ಮತ್ತೆ ಹಾಕಲು ಬರುವುದಿಲ್ಲ. ಅದಕ್ಕೇ ನಿಧಾನ ಚಾರ್ಜ್ ಬೇಕು.

ಯಾವ ಚಾರ್ಜರ್

ಲೆಕ್ಕ ಸುಲಭ. Ah ಅಂದರೆ ಆಂಪಿಯರ್ ಗಂಟೆ, ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಬ್ಯಾಟರಿಯ ಮೇಲೆ 12V 5Ah ಅಂತ ಬರೆದಿದ್ದರೆ ಆ 5ರ ಹತ್ತನೇ ಒಂದು ಭಾಗ, ಅಂದರೆ 0.5 ಆಂಪಿಯರ್. 9Ah ಆದರೆ 0.9. ತುಂಬಾ ಬ್ಯಾಟರಿಗಳ ಮೇಲೆ ಕಂಪನಿಯವರೇ ಸಣ್ಣ ಅಕ್ಷರದಲ್ಲಿ ಎಷ್ಟು ಆಂಪಿಯರ್, ಎಷ್ಟು ಗಂಟೆ ಅಂತ ಮುದ್ರಿಸಿರುತ್ತಾರೆ, ಕನ್ನಡಕ ಹಾಕಿಕೊಂಡು ನೋಡಿ. ಅಲ್ಲಿ 'ಕ್ವಿಕ್' ಅಂತ ಇನ್ನೊಂದು ಸಾಲೂ ಇರಬಹುದು. ಸತ್ತು ಬಿದ್ದ ಬ್ಯಾಟರಿಗೆ ಆ ಸಾಲು ಬೇಡ.

ಚಾರ್ಜರ್ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯದ್ದೇ ಆಗಿರಬೇಕು. ಅದು ಸುಮಾರು 14.4 ವೋಲ್ಟ್‌ಗೆ ತಾನೇ ನಿಂತು, ತುಂಬಿದ ಮೇಲೆ 13.6ರ ಆಸುಪಾಸಿಗೆ ಇಳಿಯುವಂಥದ್ದು ಇರಲಿ. ಪರಿಚಯದ ಗ್ಯಾರೇಜಿನಲ್ಲಿ ಕಾರು ಬ್ಯಾಟರಿಗೆ ಹಾಕುವ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಇರುತ್ತದೆ, ಗುಂಯ್ ಅನ್ನುವಂಥದ್ದು. ಅದಕ್ಕೆ ವೋಲ್ಟೇಜಿನ ಹಿಡಿತ ಇಲ್ಲ. ನಮ್ಮ ಅಂಗೈಯಗಲದ ಬ್ಯಾಟರಿಯನ್ನು ಅದು ಬೇಯಿಸಿಬಿಡುತ್ತದೆ. ಲ್ಯಾಪ್‌ಟಾಪಿನ ಅಡಾಪ್ಟರ್‌ಗೆ ವಯರ್ ಕಟ್ಟುವ ಬುದ್ಧಿವಂತರೂ ಇದ್ದಾರೆ, ಅದು 19 ವೋಲ್ಟ್ ಮಾರಾಯ್ರೆ, ಬೇಡ.

ಇನ್ನೊಂದು: ನಿಮ್ಮದು ಲಿಥಿಯಂ ಬ್ಯಾಟರಿ ಆಗಿದ್ದರೆ ಈ ಲೇಖನ ನಿಮಗಲ್ಲ. ಅದರ ಚಾರ್ಜರೇ ಬೇರೆ.

ಚಾರ್ಜರಿನಷ್ಟೇ ಮುಖ್ಯ ಒಂದು ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ ಸಾಧಾರಣ ಡಿಜಿಟಲ್ ಮೀಟರ್ ಸಾಕು. ಅದಿಲ್ಲದೆ ಈ ಕೆಲಸ ಮಾಡುವುದು ಕುರುಡರು ಆನೆ ಮುಟ್ಟಿದ ಹಾಗೆ. ಚಾರ್ಜರಿನ ಹಸಿರು ಲೈಟು ಸುಳ್ಳು ಹೇಳುತ್ತದೆ, ಮೀಟರ್ ಹೇಳುವುದಿಲ್ಲ.

ಬಿಚ್ಚುವುದು, ಒರೆಸುವುದು

ಕೀ ಆಫ್. ನನ್ನ ಬೈಕಿನಲ್ಲಿ ಬ್ಯಾಟರಿ ಸೈಡ್ ಕವರಿನ ಹಿಂದೆ ಇದೆ, ಕೆಲವದರಲ್ಲಿ ಸೀಟಿನಡಿ. ಮೊದಲು ನೆಗೆಟಿವ್ ಬಿಚ್ಚಿ, ಅದೇ ಕಪ್ಪು ವಯರು. ಆಮೇಲೆ ಕೆಂಪು. ಯಾಕೆ ಈ ಕ್ರಮ ಅಂದರೆ, ಬೈಕಿನ ಇಡೀ ಚಾಸಿಸ್ ನೆಗೆಟಿವ್‌ಗೆ ಸೇರಿದೆ. ಕಪ್ಪು ಹಾಗೇ ಇರುವಾಗ ಕೆಂಪಿನ ಸ್ಕ್ರೂ ಬಿಚ್ಚುತ್ತಾ ಸ್ಪಾನರ್ ಚಾಸಿಸ್‌ಗೆ ತಾಗಿತೋ, ನೇರ ಶಾರ್ಟ್. ಕಿಡಿ ಹಾರುತ್ತದೆ, ಸ್ಪಾನರ್ ಅಂಟಿಕೊಳ್ಳಲೂಬಹುದು. ವಾಪಸ್ ಹಾಕುವಾಗ ಉಲ್ಟಾ, ಕೆಂಪು ಮೊದಲು, ಕಪ್ಪು ಕೊನೆಗೆ. ಟರ್ಮಿನಲ್ಲಿನ ಒಳಗೆ ಒಂದು ಸಣ್ಣ ಚೌಕದ ನಟ್ ಇರುತ್ತದೆ, ಅದು ಬಿದ್ದು ಇಂಜಿನ್ನಿನ ಸಂದಿಗೆ ಹೋಗದ ಹಾಗೆ ಕೈ ಅಡ್ಡ ಇಟ್ಟುಕೊಳ್ಳಿ. ನಾನು ಅರ್ಧ ಗಂಟೆ ಟಾರ್ಚ್ ಹಿಡಿದು ಹುಡುಕಿದ್ದೇನೆ.

ನಮ್ಮ ಕಡೆ ಉಪ್ಪುಗಾಳಿ, ತೇವ ಎರಡೂ ಜಾಸ್ತಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಹುಡಿ ಕೂತಿರುತ್ತದೆ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿದರೆ ನೊರೆ ಬಂದು ಬಿಟ್ಟುಹೋಗುತ್ತದೆ. ಮತ್ತೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ವಯರಿನ ತುದಿಯ ರಿಂಗನ್ನೂ ತಿಕ್ಕಿ.

ಈಗ ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ಸುಮ್ನೆ ಒಮ್ಮೆ ಸುತ್ತ ನೋಡಿ. ಬದಿಗಳು ಹೊಟ್ಟೆ ಬಂದ ಹಾಗೆ ಉಬ್ಬಿದ್ದರೆ, ಬಿರುಕು ಇದ್ದರೆ, ಒದ್ದೆ ಜಿನುಗಿದ್ದರೆ ಇಲ್ಲಿಗೇ ನಿಲ್ಲಿಸಿ. ಅದನ್ನು ಚಾರ್ಜಿಗೆ ಹಾಕಬಾರದು.

ಮೇಲೆ ಆರು ಮುಚ್ಚಳ ಇರುವ ಹಳೆ ನಮೂನೆಯ ಬ್ಯಾಟರಿಯಾದರೆ ನೀರಿನ ಮಟ್ಟ ನೋಡಿ. ಪ್ಲೇಟು ಕಾಣುತ್ತಿದ್ದರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಪೂರ್ತಿ ಮಟ್ಟಕ್ಕೆ ತುಂಬುವುದು ಚಾರ್ಜ್ ಆದ ಮೇಲೆ. ಬಾವಿ ನೀರೂ ಬೇಡ, ಮಳೆ ನೀರೂ ಬೇಡ. ಸೀಲ್ ಆದ ಬ್ಯಾಟರಿಯ ಮುಚ್ಚಳವನ್ನು ಎಬ್ಬಿ ತೆರೆಯಲು ಹೋಗಬೇಡಿ.

ಮೊದಲ ಅಳತೆ

ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿ ಪಾಸಿಟಿವ್‌ಗೆ, ಕಪ್ಪು ಕಡ್ಡಿ ನೆಗೆಟಿವ್‌ಗೆ. ತುಂಬಿದ ಸೀಲ್ ಬ್ಯಾಟರಿ 12.8ರ ಆಸುಪಾಸು ತೋರಿಸುತ್ತದೆ. 12.4 ಅಂದರೆ ಸುಮಾರು ಮುಕ್ಕಾಲು, 12.0 ಅಂದರೆ ಕಾಲುಭಾಗ. 11.5ಕ್ಕಿಂತ ಕೆಳಗೆ ಹೋದರೆ ಪೂರ್ತಿ ಖಾಲಿ ಅಂತಲೇ ತಿಳಿಯಿರಿ. ನನ್ನದು 11.3 ಇತ್ತು, ಖಾಲಿ ಹೌದು, ಆದರೆ ಆರು ಸೆಲ್ಲೂ ಉಸಿರಾಡುತ್ತಿವೆ. ಬಾವನ ಸ್ಕೂಟರಿನದ್ದು 7.9 ತೋರಿಸಿತು. ಆಗಲೇ ನನಗೆ ಸಂಶಯ ಬಂದಿತ್ತು, ಬಾಯಿಬಿಟ್ಟು ಹೇಳಲಿಲ್ಲ.

ಚಾರ್ಜಿಗೆ ಹಾಕಿದ ಆ ರಾತ್ರಿ

ಜಾಗ ಗಾಳಿಯಾಡುವಂತಿರಲಿ. ಚಾರ್ಜ್ ಆಗುವಾಗ ಸ್ವಲ್ಪ ಹೈಡ್ರೋಜನ್ ಬರಬಹುದು, ಅದಕ್ಕೆ ಕಿಡಿ ತಾಗಬಾರದು. ದೇವರ ಕೋಣೆ, ಗ್ಯಾಸ್ ಒಲೆ ಇರುವ ಅಡುಗೆಮನೆ ಬೇಡ. ನಾನು ಹಿಂದಿನ ಚಾವಡಿಯಲ್ಲಿ ಒಂದು ಹಂಚಿನ ಮೇಲೆ ಇಟ್ಟೆ, ಮಳೆಹನಿ ಹಾರದ ಮೂಲೆಯಲ್ಲಿ. ಮೊದಲು ಕ್ಲಿಪ್ಪು ಹಾಕಿ, ಆಮೇಲೆ ಗೋಡೆಯ ಸ್ವಿಚ್. ತೆಗೆಯುವಾಗ ಸ್ವಿಚ್ ಮೊದಲು, ಕ್ಲಿಪ್ಪು ಆಮೇಲೆ. ಕಿಡಿ ಬ್ಯಾಟರಿಯ ಹತ್ತಿರ ಹಾರಬಾರದು, ಅದಕ್ಕೇ ಈ ಕ್ರಮ.

ಸಂಜೆ 7 ಗಂಟೆಗೆ ಸ್ವಿಚ್ ಹಾಕಿದೆ. ಎರಡೇ ನಿಮಿಷದಲ್ಲಿ ಮೀಟರ್ 14.2ಕ್ಕೆ ಹಾರಿತು. ಇಪ್ಪತ್ತು ನಿಮಿಷಕ್ಕೆ ಚಾರ್ಜರಿನಲ್ಲಿ ಹಸಿರು ಲೈಟು! ಬಾವ ಖುಷಿಯಲ್ಲಿ "ಆಯ್ತಲ್ಲ, ಇಷ್ಟೇನಾ" ಅಂದರು.

ಹೆಚ್ಚಿನವರು ಎಡವುವುದು ಇಲ್ಲೇ. 5Ah ಬ್ಯಾಟರಿ ಖಾಲಿಯಾಗಿದೆ, ಚಾರ್ಜರ್ ಕೊಡುವುದು ಗಂಟೆಗೆ ಅರ್ಧ Ah. ಇಪ್ಪತ್ತು ನಿಮಿಷದಲ್ಲಿ ಒಳಗೆ ಹೋಗಬಹುದಾದದ್ದು ಹೆಚ್ಚೆಂದರೆ 0.17Ah. ತುಂಬುವುದು ಸಾಧ್ಯವೇ ಇಲ್ಲ. ಹರಳು ಕಟ್ಟಿದ ಪ್ಲೇಟು ಕರೆಂಟನ್ನು ಒಳಗೆ ಬಿಡುತ್ತಿಲ್ಲ, ಹಾಗಾಗಿ ವೋಲ್ಟೇಜ್ ಸರ್ರನೆ ಏರುತ್ತದೆ. ಚಾರ್ಜರ್ ಪಾಪ, 'ಕರೆಂಟು ಹೋಗುವುದು ನಿಂತಿದೆ, ಅಂದರೆ ತುಂಬಿದೆ' ಅಂತ ತಿಳಿದು ಹಸಿರು ತೋರಿಸುತ್ತದೆ. ಹೊಟ್ಟೆ ತುಂಬಿದವನೂ ಊಟ ಬೇಡ ಅನ್ನುತ್ತಾನೆ, ಜ್ವರ ಬಂದವನೂ ಬೇಡ ಅನ್ನುತ್ತಾನೆ. ಚಾರ್ಜರಿಗೆ ಎರಡರ ವ್ಯತ್ಯಾಸ ಗೊತ್ತಿಲ್ಲ.

ಖಾತ್ರಿ ಮಾಡಿಕೊಳ್ಳಲು ಚಾರ್ಜರ್ ತೆಗೆದು ಹತ್ತು ನಿಮಿಷ ಬಿಟ್ಟು ಅಳೆದೆ. 11.9. ನಿಜವಾಗಿ ತುಂಬಿದ ಬ್ಯಾಟರಿ ಹೀಗೆ ಬೀಳುವುದಿಲ್ಲ.

ಆಗ ಮಾಡಬೇಕಾದದ್ದು ಇಷ್ಟೇ, ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡುವುದು. ಚಾರ್ಜರ್ ಮೊದಲಿನಿಂದ ಶುರು ಮಾಡುತ್ತದೆ. ಎಷ್ಟು ಕರೆಂಟು ಹೋಗುತ್ತಿದೆ ಅಂತ ನೋಡುವ ಆಸೆ ನನಗೆ. ಮೀಟರನ್ನು 10 ಆಂಪಿಯರ್ ರಂಧ್ರಕ್ಕೆ ಬದಲಿಸಿ, ಚಾರ್ಜರಿನ ಕೆಂಪು ಕ್ಲಿಪ್ಪಿಗೂ ಬ್ಯಾಟರಿಗೂ ನಡುವೆ ಸೇರಿಸಿದೆ. 0.06 ಆಂಪಿಯರ್. ಅರ್ಧ ಆಂಪಿಯರ್ ಕೊಡಬಲ್ಲ ಚಾರ್ಜರಿನಿಂದ ಬ್ಯಾಟರಿ ಅಷ್ಟೇ ಅಷ್ಟು ಕುಡಿಯುತ್ತಿತ್ತು. ನೀವೂ ಹೀಗೆ ನೋಡುವುದಾದರೆ ಒಂದು ಎಚ್ಚರ ಉಂಟು. ನೋಡಿ ಆದ ಕೂಡಲೇ ಕೆಂಪು ಕಡ್ಡಿಯನ್ನು ವೋಲ್ಟ್ ರಂಧ್ರಕ್ಕೆ ವಾಪಸ್ ಚುಚ್ಚಿ. ಆಂಪಿಯರ್ ರಂಧ್ರದಲ್ಲೇ ಇಟ್ಟು ಟರ್ಮಿನಲ್‌ಗಳ ಮೇಲೆ ವೋಲ್ಟೇಜ್ ಅಳೆಯಲು ಹೋದರೆ ಬ್ಯಾಟರಿಯನ್ನೇ ಶಾರ್ಟ್ ಮಾಡಿದ ಹಾಗೆ.

ಎಂಟೂವರೆಗೆ ಮತ್ತೆ ಹಸಿರು. ಮತ್ತೆ ಆಫ್, ಆನ್. ಊಟ ಮಾಡಿ ಬಂದಾಗ ಮೂರನೇ ಸಲ ಹಸಿರಾಗಿತ್ತು. ಮತ್ತೆ ಆನ್ ಮಾಡಿದೆ. ಹತ್ತೂವರೆಗೆ ನೋಡಿದರೆ ಲೈಟು ಕೆಂಪಾಗಿಯೇ ಇತ್ತು, ಮೀಟರಿನಲ್ಲಿ 13.1. ಕಡಿಮೆಯಾಗಿದೆ! ಬಾವ ಗಾಬರಿಯಾದರು, ನನಗೆ ಸಮಾಧಾನವಾಯಿತು. ಚಾರ್ಜ್ ಆಗುವಾಗ ವೋಲ್ಟೇಜ್ ಮೊದಲು ಏರಿ ಆಮೇಲೆ ಇಳಿದರೆ, ಹರಳು ಬಿಡುತ್ತಿದೆ, ಬ್ಯಾಟರಿ ಕರೆಂಟು ಕುಡಿಯಲು ಶುರುಮಾಡಿದೆ ಅಂತ ಅರ್ಥ. ಇಲ್ಲಿಂದ ಮುಂದೆ ಅದು ಮಾಮೂಲಿ ಚಾರ್ಜಿಂಗ್. ನಿಧಾನವಾಗಿ ಮತ್ತೆ 14.4ಕ್ಕೆ ಏರಬೇಕು.

ರಾತ್ರಿ ಒಂದೂವರೆಗೆ ಗುಡುಗು, ಕರೆಂಟು ಹೋಯಿತು. ಮಳೆಗಾಲದಲ್ಲಿ ಇದು ಆಗದೆ ಇರುತ್ತದಾ. ನನ್ನ ಚಾರ್ಜರ್ ಕರೆಂಟು ಬಂದ ಮೇಲೆ ತಾನೇ ಶುರುವಾಗುತ್ತದೆ. ಬಟನ್ ಒತ್ತಿ ಮೋಡ್ ಆರಿಸುವಂಥ ಕೆಲವು ಚಾರ್ಜರ್‌ಗಳು ಹಾಗಲ್ಲ, ಬೆಳಿಗ್ಗೆ ಎದ್ದು ನೋಡುವಾಗ ಸುಮ್ಮನೆ ಕೂತಿರುತ್ತವೆ. ನಿಮ್ಮದು ಯಾವ ನಮೂನೆ ಅಂತ ಮೊದಲೇ ಒಮ್ಮೆ ಸ್ವಿಚ್ ತೆಗೆದು ಹಾಕಿ ಪರೀಕ್ಷೆ ಮಾಡಿಕೊಳ್ಳಿ. ಸಿಡಿಲು ಜೋರಿದ್ದರೆ ಪ್ಲಗ್ಗನ್ನೇ ಕಿತ್ತಿಡಿ, ಬ್ಯಾಟರಿಗಿಂತ ಚಾರ್ಜರ್ ಹೋದರೆ ನಷ್ಟ ಜಾಸ್ತಿ.

ಬೆಳಿಗ್ಗೆ ಆರೂವರೆಗೆ 13.6. ಮಧ್ಯಾಹ್ನ 14.4 ಮುಟ್ಟಿತು. ಮೂರು ಗಂಟೆಗೆ ಹಸಿರು ಬಂತು, ಈ ಸಲ ನಿಜವಾದ ಹಸಿರು. ಆದರೂ ಇನ್ನೆರಡು ಗಂಟೆ ಹಾಗೇ ಬಿಟ್ಟು 5ಕ್ಕೆ ತೆಗೆದೆ. ಸುಮಾರು 22 ಗಂಟೆ. ಲೆಕ್ಕದ ಪ್ರಕಾರ 5Ah ಬ್ಯಾಟರಿಗೆ ಅರ್ಧ ಆಂಪಿಯರ್‌ನಲ್ಲಿ ಹನ್ನೆರಡು ಗಂಟೆ ಸಾಕು, ಆದರೆ ಮೊದಲ ಮೂರೂವರೆ ಗಂಟೆ ಅದು ಹೆಚ್ಚೇನೂ ಕುಡಿಯಲೇ ಇಲ್ಲ, ಕರೆಂಟು ಹೋದದ್ದು ಬೇರೆ, ಕೊನೆಯ ಭಾಗವೂ ನಿಧಾನ.

ನಡುನಡುವೆ ಅಂಗೈಯನ್ನು ಬ್ಯಾಟರಿಯ ಬದಿಗೆ ಇಟ್ಟು ನೋಡುತ್ತಿರಿ. ಸ್ವಲ್ಪ ಬೆಚ್ಚಗಾದರೆ ತೊಂದರೆಯಿಲ್ಲ. ಚಹಾದ ಲೋಟ ಹಿಡಿದ ಹಾಗೆ ಸುಡುತ್ತಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ಕೂಡಲೇ ಗೋಡೆಯ ಸ್ವಿಚ್ ಆಫ್ ಮಾಡಿ ಬ್ಯಾಟರಿಯನ್ನು ಹೊರಗಿಡಿ. ಅಂಥದ್ದನ್ನು ತಣ್ಣಗಾದ ಮೇಲೆ ಮತ್ತೆ ಚಾರ್ಜಿಗೆ ಹಾಕುವ ಸಾಹಸ ಬೇಡ.

ಒಂದು ರಾತ್ರಿ ಸುಮ್ಮನೆ ಇಡಿ

ಚಾರ್ಜರ್ ತೆಗೆದ ಕೂಡಲೇ 13.3 ತೋರಿಸಿತು. ಈ ಅಂಕಿಗೆ ಬೆಲೆಯಿಲ್ಲ, ಅದು ಬರೀ ಮೇಲ್ಮೈಯ ಚಾರ್ಜ್. ಬ್ಯಾಟರಿಯನ್ನು ಯಾವುದಕ್ಕೂ ಸೇರಿಸದೆ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ 12.71. ಇನ್ನೊಂದು ದಿನ ಬಿಟ್ಟೆ, 12.69. ಬಹುತೇಕ ನಿಂತಿದೆ ಅಂದ ಹಾಗೆ. 12.8 ಬರಲಿಲ್ಲ, ಸ್ವಲ್ಪ ಸಾಮರ್ಥ್ಯ ಹೋಗಿದೆ, ಅದು ವಾಪಸ್ ಬರುವುದಿಲ್ಲ. ಆದರೆ ಓಡುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ 12.3, 12.2ಕ್ಕೆ ಬಿದ್ದರೆ ಇನ್ನೊಂದು ಸಲ ಪೂರ್ತಿ ಚಾರ್ಜ್ ಮಾಡಿ ನೋಡಿ. ಎರಡನೇ ಸಲವೂ ಹಾಗೇ ಬಿದ್ದರೆ ಹೊಸತಿಗೆ ದುಡ್ಡು ಎತ್ತಿಡಿ.

ಆಮೇಲೆ ಬೈಕಿಗೆ ಹಾಕಿ ನಿಜವಾದ ಪರೀಕ್ಷೆ. ಮೀಟರಿನ ಕಡ್ಡಿಗಳನ್ನು ಟರ್ಮಿನಲ್ ಮೇಲೆ ಹಿಡಿದು, ಬಾವನಿಗೆ ಸೆಲ್ಫ್ ಒತ್ತಲು ಹೇಳಿದೆ. ಒತ್ತಿದ ಕ್ಷಣ 10.4ಕ್ಕೆ ಇಳಿಯಿತು, ಇಂಜಿನ್ ಹಿಡಿಯಿತು. ಸೆಲ್ಫ್ ತಿರುಗುವಾಗ ಸುಮಾರು ಒಂಬತ್ತೂವರೆಗಿಂತ ಕೆಳಗೆ ಹೋಗಬಾರದು. ಹೋದರೆ, ನಿಂತಾಗ 12.7 ತೋರಿಸಿದರೂ ಒಳಗೆ ದಮ್ಮಿಲ್ಲ ಅಂತ ಅರ್ಥ. ಇಂಜಿನ್ ಓಡುತ್ತಿರುವಾಗಲೇ ಸ್ವಲ್ಪ ರೇಸ್ ಕೊಟ್ಟು ಇನ್ನೊಮ್ಮೆ ಅಳೆಯಿರಿ, 13.8ರಿಂದ 14.5ರ ಒಳಗೆ ಇರಬೇಕು. ನನ್ನದು 14.2. ರೇಸ್ ಕೊಟ್ಟರೂ 12.7ರಲ್ಲೇ ಇದ್ದರೆ ಬೈಕೇ ಚಾರ್ಜ್ ಮಾಡುತ್ತಿಲ್ಲ, 15 ದಾಟಿದರೆ ಜಾಸ್ತಿ ಮಾಡುತ್ತಿದೆ. ಎರಡಕ್ಕೂ, ಬೈಕಿನ ಚಾರ್ಜಿಂಗನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ರೆಕ್ಟಿಫೈಯರ್ ಕಡೆ ಮೆಕ್ಯಾನಿಕ್ ನೋಡಬೇಕು. ಇದನ್ನು ಬಿಟ್ಟು ಬ್ಯಾಟರಿ ಬದಲಿಸಿದರೆ ಹೊಸತೂ ಅದೇ ದಾರಿ ಹಿಡಿಯುತ್ತದೆ.

ಟರ್ಮಿನಲ್ ಬಿಗಿ ಮಾಡಿದ ಮೇಲೆ ಒಂದು ಬೆರಳು ವ್ಯಾಸಲೀನ್ ಸವರಿ. ನಮ್ಮ ಗಾಳಿಗೆ ಇದು ಬೇಕು.

ಬಾವನ ಬ್ಯಾಟರಿ

7.9 ವೋಲ್ಟ್ ಇದ್ದದ್ದನ್ನು ನನ್ನ ಚಾರ್ಜರ್ ಗುರುತಿಸಲೇ ಇಲ್ಲ, ಲೈಟು ಮಿನುಗಿ ಸುಮ್ಮನಾಯಿತು. ಬ್ಯಾಟರಿ ತೀರಾ ಇಳಿದಿದ್ದರೆ ಆಟೋಮ್ಯಾಟಿಕ್ ಚಾರ್ಜರ್‌ಗಳು 'ಇಲ್ಲಿ ಬ್ಯಾಟರಿಯೇ ಇಲ್ಲ' ಅಂತ ತಿಳಿಯುತ್ತವೆ. ಆಗ ಒಂದು ಉಪಾಯ ಉಂಟು. ಚೆನ್ನಾಗಿರುವ ಇನ್ನೊಂದು 12 ವೋಲ್ಟ್ ಬ್ಯಾಟರಿ ತಗೊಂಡು ನೆಗೆಟಿವ್‌ಗೆ ನೆಗೆಟಿವ್ ನೇರ ಸೇರಿಸಿ. ಪಾಸಿಟಿವ್‌ಗೆ ಪಾಸಿಟಿವ್ ಸೇರಿಸುವ ವಯರಿನ ನಡುವೆ ಬೈಕ್ ಇಂಡಿಕೇಟರಿನ 12 ವೋಲ್ಟ್ 10 ವ್ಯಾಟ್ ಬಲ್ಬ್ ಒಂದನ್ನು ಕಟ್ಟಿ. ಬಲ್ಬ್ ಇದ್ದರೆ ಎಷ್ಟೇ ಎಳೆದರೂ 0.8 ಆಂಪಿಯರ್ ಆಸುಪಾಸಿಗಿಂತ ಜಾಸ್ತಿ ಹರಿಯುವುದಿಲ್ಲ. ಬಲ್ಬ್ ಇಲ್ಲದೆ ನೇರ ಸೇರಿಸಿದರೆ ಒಮ್ಮೆಲೇ ನುಗ್ಗುತ್ತದೆ, ಮಾಡಬೇಡಿ. ಖಾಲಿ ಬ್ಯಾಟರಿ ಹನ್ನೊಂದರ ಹತ್ತಿರ ಬಂದ ಮೇಲೆ ಬಿಚ್ಚಿ ಚಾರ್ಜರಿಗೆ ಹಾಕಿ, ಆಗ ಅದು ಗುರುತಿಸುತ್ತದೆ.

ಬಾವನದ್ದಕ್ಕೆ ನನ್ನ ಎದ್ದ ಬ್ಯಾಟರಿಯಿಂದಲೇ ಹೀಗೆ ಕೊಟ್ಟೆ. ಬಲ್ಬ್ ಮಂದವಾಗಿ ಉರಿಯಿತು, ಅಂದರೆ ಕರೆಂಟು ಹೋಗುತ್ತಿದೆ. ಒಂದು ಗಂಟೆ ಬಿಟ್ಟು ಬಿಚ್ಚಿ ಚಾರ್ಜರಿಗೆ ಹಾಕಿದೆ, ಗುರುತಿಸಿತು. ರಾತ್ರಿಯಿಡೀ ಬಿಟ್ಟೆ, ಹಸಿರು ಬರಲೇ ಇಲ್ಲ. ಬೆಳಿಗ್ಗೆ ತೆಗೆದು ಎರಡು ಗಂಟೆ ಬಿಟ್ಟು ಅಳೆದರೆ 10.5. ಇನ್ನೊಂದು ಹಗಲು ಹಾಕಿದೆ. ಮತ್ತೆ 10.5, ಒಂದು ಬದಿ ಮಾತ್ರ ಬೆಚ್ಚಗೆ.

ಲೆಕ್ಕ ಹಾಕಿ ನೋಡಿ. ಒಂದು ಸೆಲ್ 2.1. ಐದು ಸೆಲ್ ಅಂದರೆ 10.5. ಆರನೆಯದು ಒಳಗೇ ಶಾರ್ಟ್ ಆಗಿದೆ. ಎಷ್ಟು ಚಾರ್ಜ್ ಮಾಡಿದರೂ ಹತ್ತೂವರೆಯಲ್ಲೇ ಹಟ ಹಿಡಿದು ನಿಂತ ಬ್ಯಾಟರಿಗೆ ಮದ್ದಿಲ್ಲ. ಉಳಿದ ಐದು ಸೆಲ್‌ಗಳ ಮೇಲೆ ಒತ್ತಡ ಜಾಸ್ತಿಯಾಗಿ ಬಿಸಿಯಾಗುತ್ತದೆ, ಬಿಡುವುದೇ ಲೇಸು. ಬಾವ ಅದನ್ನು ಅಂಗಡಿಗೆ ಕೊಟ್ಟು ಎಕ್ಸ್‌ಚೇಂಜಿನಲ್ಲಿ ಹೊಸತು ತಂದರು. "ನಿಮ್ಮದು ಎದ್ದಿತು, ನನ್ನದು ಯಾಕೆ ಏಳಲಿಲ್ಲ" ಅಂತ ಇನ್ನೂ ಹೇಳುತ್ತಿರುತ್ತಾರೆ. ಅವರದ್ದು ನಾಲ್ಕು ವರ್ಷ ಹಳೆಯದು, ಏಪ್ರಿಲಿನಿಂದಲೇ ನಿಂತಿತ್ತು ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

45 ದಿನದಲ್ಲಿ ಖಾಲಿಯಾದದ್ದು ಹೇಗೆ

ಒಳ್ಳೆಯ ಬ್ಯಾಟರಿ ಸುಮ್ಮನೆ ನಿಂತರೆ ಒಂದೂವರೆ ತಿಂಗಳಲ್ಲಿ ಇಷ್ಟು ಇಳಿಯಬಾರದು. ಸಂಶಯ ಬಂದು, ಕೀ ಆಫ್ ಇಟ್ಟು ನೆಗೆಟಿವ್ ವಯರ್ ಬಿಚ್ಚಿ, ಆ ವಯರಿಗೂ ಟರ್ಮಿನಲ್ಲಿಗೂ ನಡುವೆ ಮೀಟರ್ ಸೇರಿಸಿದೆ. ಮೊದಲು 10 ಆಂಪಿಯರ್ ರಂಧ್ರ, ತೀರಾ ಕಡಿಮೆ ಅಂತ ಗೊತ್ತಾದ ಮೇಲೆ ಮಿಲಿಆಂಪಿಯರ್. ಹೀಗೆ ಮೀಟರ್ ಸೇರಿಸಿರುವಾಗ ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. 4 ಮಿಲಿಆಂಪಿಯರ್ ತೋರಿಸಿತು. ಗಡಿಯಾರ ಒಂದಿಷ್ಟು, ಕಳ್ಳರ ಹೆದರಿಕೆಗೆ ನಾನೇ ಹಾಕಿಸಿದ ಜಿಪಿಎಸ್ ಟ್ರ್ಯಾಕರ್ ಉಳಿದದ್ದು. 4 ಮಿಲಿಆಂಪಿಯರ್ ಅಂದರೆ ಏನೂ ಅಲ್ಲ ಅನಿಸುತ್ತದೆ. ಅದನ್ನು ದಿನದ 24 ಗಂಟೆಗೆ, ಮತ್ತೆ 45 ದಿನಕ್ಕೆ ಗುಣಿಸಿದರೆ 4320 ಮಿಲಿಆಂಪಿಯರ್ ಗಂಟೆ, ಅಂದರೆ 4.3Ah. ಬ್ಯಾಟರಿ ಇದ್ದದ್ದೇ 5Ah. ಬೈಕನ್ನು ಕಳ್ಳರು ಮುಟ್ಟಲಿಲ್ಲ, ಬ್ಯಾಟರಿಯನ್ನು ಟ್ರ್ಯಾಕರ್ ಕುಡಿದು ಮುಗಿಸಿತ್ತು.

ಹಾಗಾಗಿ ಎರಡು ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಿದ್ದರೆ ಈಗ ನಾನು ನೆಗೆಟಿವ್ ವಯರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಪಕ್ಕಕ್ಕೆ ಕಟ್ಟಿಡುತ್ತೇನೆ. ಟ್ರ್ಯಾಕರ್ ಆಗ ಕೆಲಸ ಮಾಡುವುದಿಲ್ಲ, ಗೇಟಿಗೆ ಬೀಗ ಹಾಕುತ್ತೇನೆ. ಗಡಿಯಾರ ಸೊನ್ನೆಯಾಗುತ್ತದೆ, ಆಗಲಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುವ ಅಭ್ಯಾಸ ಹಲವರಿಗೆ ಇದೆ, ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಸೆಲ್ಫ್ ಎಳೆದದ್ದನ್ನು ಐಡಲಿಂಗ್‌ನಲ್ಲಿ ವಾಪಸ್ ತುಂಬುವುದು ಕಷ್ಟ, ಅದೂ 2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಹೆಡ್‌ಲೈಟ್ ಆಫ್ ಮಾಡಲಿಕ್ಕೇ ಬರುವುದಿಲ್ಲ, ಬಂದದ್ದನ್ನು ಅದೇ ತಿನ್ನುತ್ತದೆ. ಅದರ ಬದಲು ತಿಂಗಳಿಗೊಮ್ಮೆ ಬ್ಯಾಟರಿ ಅಳೆದು, 12.5ಕ್ಕಿಂತ ಇಳಿದಿದ್ದರೆ ಒಂದು ರಾತ್ರಿ ನಿಧಾನ ಚಾರ್ಜರಿಗೆ ಹಾಕಿ.

ಚಾರ್ಜ್ ಮಾಡಿದ ತಾರೀಖು ಮತ್ತು ಮರುದಿನದ ವೋಲ್ಟೇಜನ್ನು ಬ್ಯಾಟರಿಯ ಬದಿಗೇ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. ಮೊದಲ ಸಾಲು 12.71. ಆಗಸ್ಟ್ ಕೊನೆಯಲ್ಲಿ ಮತ್ತೊಮ್ಮೆ ಹಾಕಿದಾಗ 12.74. ಮುಂದಿನ ಸಾಲು 12.4 ಅಂತ ಬರೆಯಬೇಕಾಗಿ ಬಂದ ದಿನ ನಾನೂ ಬಾವನ ಹಿಂದೆಯೇ ಅಂಗಡಿಗೆ ಹೋಗುತ್ತೇನೆ.